ತಪ್ಪು ಛತ್ರಿಯದು



ಈ ಸಲದ ಪತ್ರಗಳ ಕಟ್ಟು ಬಿಚ್ಚಿದಾಗ ಉಪ್ಪಿನಕಾಯಿಗೆ ಬೂಷ್ಟು ಹಿಡಿದ ದೂರುಗಳೇ ಹೆಚ್ಚಾಗಿದ್ದವು. ಮಳೆಗಾಲವಲ್ಲವೇ? ಅದಕ್ಕೆ ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡುತ್ತೇನೆ, ಅಲ್ಲಿಯವರೆಗೆ ಜಾಡಿಗೆ ಒದ್ದೆ ಚಮಚ ಹಾಕಬೇಡಿ. ಆ ದೂರುಗಳ ನಡುವೆ ಮೈಸೂರಿನಿಂದ ಒಬ್ಬ ಹುಡುಗಿ ಬರೆದ ನಾಲ್ಕು ಪುಟದ ಪತ್ರವಿತ್ತು. ಇವತ್ತು ಅದರ ಮಾತೇ ಮಾತು. ಅವಳ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಬರೆಯುತ್ತಿದ್ದೇನೆ.

ಹುಡುಗಿಗೆ ಇಪ್ಪತ್ತೊಂಬತ್ತು ವರ್ಷ. ತವರು ದಾವಣಗೆರೆ, ಕೆಲಸ ಮೈಸೂರಿನ ಒಂದು ಕಚೇರಿಯಲ್ಲಿ. ಅದೇ ಕಚೇರಿಯ ಇನ್ನೊಂದು ವಿಭಾಗದಲ್ಲಿ ಒಬ್ಬರಿದ್ದಾರೆ. ಮದುವೆಯಾಗಿಲ್ಲ. ಅವರ ಕೈಕೆಳಗೆ ಈಕೆ ಇಲ್ಲ, ಈಕೆಯ ಕೈಕೆಳಗೆ ಅವರೂ ಇಲ್ಲ. ಮಧ್ಯಾಹ್ನ ಟೀ ಹೊತ್ತಿನಲ್ಲಿ ಎಲ್ಲರೊಡನೆ ಕೂತಾಗ ನಾಲ್ಕು ಮಾತು, ಅಷ್ಟೇ. ಆದರೆ ಆ ನಾಲ್ಕು ಮಾತಿಗಾಗಿ ಈಕೆ ಬೆಳಗಿನಿಂದ ಕಾಯುತ್ತಾಳೆ. ಇದಕ್ಕೆ ಈಗಿನವರು ‘ಕ್ರಷ್’ ಎನ್ನುತ್ತಾರೆ. ನಮ್ಮ ಕಾಲದಲ್ಲಿ ಇದಕ್ಕೆ ಹೆಸರೇ ಇರಲಿಲ್ಲ. ಹೆಸರಿಲ್ಲದೆಯೇ ಎದೆ ಡವಡವ ಅನ್ನುತ್ತಿತ್ತು, ಬಿಡಿ.

ಇತ್ತ ಊರಿನಲ್ಲಿ ಅಮ್ಮ ಒಂದು ಗಂಡು ನೋಡಿದ್ದಾರೆ. ಹುಡುಗನ ಕಡೆಯವರು ತಿಂಗಳ ಕೊನೆಗೆ ಬರುವವರಿದ್ದಾರೆ. “ಅಕ್ಕಾ, ಇವರ ಮನಸ್ಸಿನಲ್ಲಿ ಏನೂ ಇಲ್ಲ ಅಂತ ಗೊತ್ತಾದರೆ ಸುಮ್ಮನೆ ಒಪ್ಪಿಕೊಳ್ಳುತ್ತೇನೆ. ಗೊತ್ತಾಗದೆ ಒಪ್ಪಿಕೊಂಡರೆ ಜೀವನವಿಡೀ ಕೊರೆಯುತ್ತೆ” ಎಂದು ಬರೆದಿದ್ದಾಳೆ. ಮುಖಕ್ಕೆ ಮುಖ ಕೊಟ್ಟು ಕೇಳುವ ಧೈರ್ಯವಿಲ್ಲ. ಕೇಳಿ ಅವರು ಇಲ್ಲವೆಂದರೆ ಮರುದಿನ ಅದೇ ಟೀ ಮೇಜಿನ ಮುಂದೆ ಕೂರಬೇಕಲ್ಲ!

ಅದಕ್ಕೇ ಒಂದು ದಿನ ಚಾಮುಂಡಿ ಬೆಟ್ಟಕ್ಕೆ ಹೋದಾಗ ಮುಳುಗುವ ಸೂರ್ಯನ ಫೋಟೋ ತೆಗೆದು, ‘ಸುಂದರ ಸಂಜೆ, ಸುಂದರ ನೆನಪು’ ಎಂದು ಅಡಿಬರಹ ಹಾಕಿ ವಾಟ್ಸ್ಯಾಪಿನಲ್ಲಿ ಅವರಿಗೆ ಕಳಿಸಿದ್ದಾಳೆ. ಆ ಕಡೆಯಿಂದ ಬಂದದ್ದು ಕೈಮುಗಿದ ಒಂದು ಚಿತ್ರ. ಅಷ್ಟಕ್ಕೇ ಈಕೆ ಒಂಬತ್ತು ದಿನ ಸರಿಯಾಗಿ ಊಟ ಮಾಡಿಲ್ಲ. ‘ನನ್ನನ್ನು ದೂರವಿಟ್ಟರು, ಅಲ್ವಾ ಅಕ್ಕಾ?’ ಎಂದು ಪ್ರಶ್ನೆ.

ಖಂಡಿತ ಇಲ್ಲ, ಮಾರಾಯ್ತಿ. ಅವರಿಗೆ ಪ್ರಶ್ನೆಯೇ ಹೋಗಿಲ್ಲ. ದಿನ ಬೆಳಗಾದರೆ ನಮ್ಮ ಫೋನಿಗೆ ಎಷ್ಟು ಸೂರ್ಯೋದಯ, ಎಷ್ಟು ಗುಲಾಬಿ, ಎಷ್ಟು ಕಾಫಿ ಲೋಟ ಬಂದು ಬೀಳುತ್ತವೆ ಹೇಳಿ? ನಿಮ್ಮ ಸೋದರಮಾವನೂ ಕಳಿಸುತ್ತಾರೆ, ಅಪಾರ್ಟ್‌ಮೆಂಟಿನ ಕಾರ್ಯದರ್ಶಿಯೂ ಕಳಿಸುತ್ತಾರೆ. ಅವಕ್ಕೆ ನಾವೆಲ್ಲ ಕೊಡುವ ಉತ್ತರ ಅದೇ ಕೈಮುಗಿದ ಚಿತ್ರ. ನಿನ್ನ ಸೂರ್ಯನೂ ಆ ರಾಶಿಗೇ ಸೇರಿದ. ಒಂದು ಫೋಟೋವನ್ನು ಹತ್ತು ಜನರಿಗೆ ಕಳಿಸಿದರೆ ಹತ್ತೂ ಜನರಿಗೆ ಒಪ್ಪುತ್ತದೆ ಎಂದಾದರೆ ಅದರ ಮೇಲೆ ವಿಳಾಸವಿಲ್ಲ ಎಂದರ್ಥ. ವಿಳಾಸವಿಲ್ಲದ ಕಾಗದ ತಲುಪಲಿಲ್ಲವೆಂದು ಅಂಚೆಯವನನ್ನು ಬೈದರೆ ಹೇಗೆ?

ಹಾಗಾದರೆ ಯಾವುದರ ಫೋಟೋ? ನಾನು ಅವಳಿಗೆ ಮರುಟಪಾಲಿನಲ್ಲಿ ಕೇಳಿದ್ದು ಒಂದೇ ಮಾತು. ಆತ ತಮ್ಮ ಬಗ್ಗೆ ತಾವೇ ಹೇಳಿಕೊಂಡು ನಕ್ಕ ಸಂಗತಿ ಏನಾದರೂ ಇದೆಯೇ? ಉತ್ತರ ಬಂತು. ಮಳೆ ಶುರುವಾದ ಮೇಲೆ ಅವರು ಮೂರು ಛತ್ರಿ ಕಳೆದುಕೊಂಡಿದ್ದಾರಂತೆ. ಒಂದು ಬಸ್ಸಿನಲ್ಲಿ, ಒಂದು ಕ್ಷೌರದಂಗಡಿಯಲ್ಲಿ, ಮೂರನೆಯದು ಎಲ್ಲೆಂದು ಅವರಿಗೇ ಗೊತ್ತಿಲ್ಲ. ಟೀ ಹೊತ್ತಿನಲ್ಲಿ ಅದನ್ನು ಹೇಳಿ ತಾವೇ ಮೊದಲು ನಕ್ಕರಂತೆ.

ಇಂಥದ್ದು ಬೇಕು ನೋಡಿ. ಸಣ್ಣದಾಗಿರಬೇಕು, ವಿವರಣೆಯಿಲ್ಲದೆ ಅವರಿಗೆ ತಟ್ಟನೆ ಹೊಳೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಆ ಸಂಗತಿ ಅವರ ಬಾಯಿಂದಲೇ, ನಗುವಿನ ಜೊತೆಗೇ ಬಂದಿರಬೇಕು. ನೀವೇ ಕಂಡುಹಿಡಿದ ಹೋಲಿಕೆ ಅಪಾಯ. ನನ್ನ ಪರಿಚಯದ ಒಬ್ಬಳು ಮೈಸೂರಿನ ಮೃಗಾಲಯದಲ್ಲಿ ಬಾಯಿ ತೆರೆದು ನಿಂತ ನೀರಾನೆಯ ಫೋಟೋ ತೆಗೆದು, ಮನಸ್ಸಿಗೆ ಹಿಡಿದಿದ್ದ ಹುಡುಗನಿಗೆ ‘ಊಟದ ಹೊತ್ತಿನ ನೀವು’ ಎಂದು ಕಳಿಸಿಬಿಟ್ಟಳು. ಮೈ ತುಂಬಿಕೊಂಡ ಹುಡುಗ ಪಾಪ, ಶಾಲೆಯಿಂದಲೂ ಅದೇ ಮಾತು ಕೇಳಿ ನೊಂದವನು. ಎರಡು ವರ್ಷ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಮೈ, ಬಣ್ಣ, ಕೂದಲು, ಮಾತಿನ ತೊದಲು, ತೀರಿಕೊಂಡ ತಾಯಿಯ ಕೈಯಡುಗೆ, ಇವು ಯಾವುವೂ ಈ ಆಟಕ್ಕೆ ಬೇಡ. ಆತನದೇ ಫೋಟೋವನ್ನು ದೂರದಿಂದ ಗೊತ್ತಾಗದಂತೆ ತೆಗೆದು ಕಳಿಸುವುದಂತೂ ಬೇಡವೇ ಬೇಡ. ಅದು ನೆನಪಲ್ಲ, ಹಿಂಬಾಲಿಸುವುದು. ನಿಮಗೆ ಯಾರಾದರೂ ಹಾಗೆ ಮಾಡಿದರೆ ಹೇಗಿರುತ್ತದೆ ಎಂದು ಒಂದು ಗಳಿಗೆ ಯೋಚಿಸಿ.

ಛತ್ರಿ ಎಂದು ಗೊತ್ತಾದ ಮೇಲೆ ಈಕೆ ಅಂಗಡಿಗೆ ಹೋಗಿ ಹೊಸ ಛತ್ರಿಯ ಫೋಟೋ ತೆಗೆಯಲು ಹೊರಟಿದ್ದಳು. ನಾನು ತಡೆದೆ. ಹುಡುಕಿಕೊಂಡು ಹೋಗಿ ತೆಗೆದದ್ದು ಹೇಗೋ ಗೊತ್ತಾಗಿಬಿಡುತ್ತದೆ. ‘ದಾರಿಯಲ್ಲಿ ಕಂಡಿತು’ ಎಂಬುದು ನಿಜವಾಗಿದ್ದರೇ ಚೆಂದ. ಕಾಯಿ, ಮಳೆಗಾಲದಲ್ಲಿ ಮೈಸೂರಿನಲ್ಲಿ ಛತ್ರಿಗೇನು ಬರ ಎಂದೆ. ಹನ್ನೊಂದನೆಯ ದಿನ ದೇವರಾಜ ಮಾರುಕಟ್ಟೆಯಿಂದ ಮಲ್ಲಿಗೆ ಹಿಡಿದುಕೊಂಡು ಬರುವಾಗ ರಸ್ತೆಬದಿಯಲ್ಲಿ ಛತ್ರಿ ರಿಪೇರಿ ಮಾಡುವ ಮುದುಕರೊಬ್ಬರು ಕಂಡರು. ಅವರ ಪಕ್ಕದಲ್ಲಿ ಕಡ್ಡಿ ಮುರಿದ, ಬಟ್ಟೆ ಹರಿದ, ಹಿಡಿ ಕಿತ್ತ ಛತ್ರಿಗಳ ರಾಶಿ. ಕೆಲವನ್ನು ಸರಿಮಾಡಿಟ್ಟೂ ಮೂರು ತಿಂಗಳಿಂದ ಯಾರೂ ಒಯ್ದಿಲ್ಲ, ಅವನ್ನು ಮಾರುತ್ತೇನೆ ಎಂದರಂತೆ.

ಮೊದಲು ಅವಳು ತೆಗೆದ ಫೋಟೋದಲ್ಲಿ ರಸ್ತೆ, ಆಟೋ, ಬಾಳೆಹಣ್ಣಿನ ಗಾಡಿ, ಮುದುಕರು ಎಲ್ಲ ಇದ್ದರು, ಛತ್ರಿ ಮೂಲೆಯಲ್ಲಿತ್ತು. ಅಂಗೈಯಗಲದ ಪರದೆಯಲ್ಲಿ ನೋಡುವವರಿಗೆ ಯಾವುದನ್ನು ನೋಡಬೇಕೆಂದೇ ತಿಳಿಯುವುದಿಲ್ಲ. ಎರಡು ಹೆಜ್ಜೆ ಹತ್ತಿರ ಹೋಗಿ, ಮುದುಕರನ್ನು ಕೇಳಿ, ಅವರ ಮುಖ ಬಾರದ ಹಾಗೆ ರಾಶಿಯನ್ನಷ್ಟೇ ತೆಗೆದಳು. ಬಣ್ಣ ಹೆಚ್ಚಿಸುವುದು, ಹೃದಯದ ಚಿತ್ರ ಅಂಟಿಸುವುದು ಮಾಡಲಿಲ್ಲ. ಸಿಂಗಾರ ಮಾಡಿದ ಕೂಡಲೇ ‘ದಾರಿಯಲ್ಲಿ ಕಂಡದ್ದು’ ಹೋಗಿ ‘ಕೂತು ಮಾಡಿದ್ದು’ ಆಗಿಬಿಡುತ್ತದೆ. ಒಂದೇ ಫೋಟೋ ಸಾಕು. ಐದು ಕಳಿಸಿದರೆ ಪ್ರವಾಸದ ಆಲ್ಬಂ ತೋರಿಸಿದಂತೆ.

ಇನ್ನು ಅಡಿಬರಹ. ಕಷ್ಟವೆಲ್ಲ ಇಲ್ಲೇ. ಮನೆಗೆ ಬಂದು ಆಕೆ ಬರೆದು ಅಳಿಸಿದವುಗಳನ್ನು ನನಗೆ ಕಳಿಸಿದ್ದಾಳೆ. ಓದಿ ನಕ್ಕೆ, ನಿಮಗೂ ಹೇಳುತ್ತೇನೆ.

ಮೊದಲನೆಯದು: ‘ಈ ಛತ್ರಿಗಳನ್ನು ನೋಡಿ ತಮ್ಮ ನೆನಪಾಯಿತು.’ ಇದು ಸರ್ಕಾರಿ ಪತ್ರ. ‘ತಮ್ಮ ವಿಶ್ವಾಸಿ’ ಎಂದು ಕೆಳಗೆ ರುಜು ಮಾಡುವುದೊಂದು ಬಾಕಿ. ಅವರೊಡನೆ ಟೀ ಹೊತ್ತಿನಲ್ಲಿ ‘ನೀವು’ ಎನ್ನುವವಳು ಇದ್ದಕ್ಕಿದ್ದಂತೆ ‘ತಾವು’ ಎಂದರೆ ಒಂದು ಮಾರು ಹಿಂದೆ ಸರಿದಂತಾಗುತ್ತದೆ. ಹಾಗೆಯೇ ‘ನೀನು’ ಎಂದರೆ ಹೇಳದೆ ಕೇಳದೆ ಒಳಮನೆಗೇ ನುಗ್ಗಿದಂತೆ. ಎದುರಿಗೆ ಹೇಗೆ ಮಾತಾಡುತ್ತೀರೋ ಹಾಗೇ ಬರೆಯಿರಿ. ದಿನಾ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದುಕೊಳ್ಳುವವರಾದರೆ ಇವತ್ತೊಂದು ದಿನ ಕನ್ನಡ ಅಕ್ಷರ ಬೇಡ. ಬದಲಾವಣೆಯೇ ಅವರ ಕಣ್ಣಿಗೆ ಬೀಳುತ್ತದೆ, ಮಾತು ಬೀಳುವುದಿಲ್ಲ.

ಎರಡನೆಯದು: ‘ಯಾಕೋ ಗೊತ್ತಿಲ್ಲ, ಇವತ್ತು ತುಂಬಾ ನೆನಪಾಗ್ತಿದ್ದೀರಿ.’ ಅಬ್ಬಾ! ಛತ್ರಿ ಎಲ್ಲಿ ಹೋಯಿತು? ಇದಕ್ಕೆ ಆತ ಏನೆಂದು ಉತ್ತರ ಬರೆಯಬೇಕು? ‘ನನಗೂ’ ಎನ್ನಬೇಕು, ಇಲ್ಲವೇ ಸುಮ್ಮನಿರಬೇಕು. ಮನಸ್ಸಿನಲ್ಲಿ ಅರ್ಧ ಇಷ್ಟವಿದ್ದವರೂ ಈ ಇಕ್ಕಟ್ಟಿನಲ್ಲಿ ಸುಮ್ಮನಾಗಿಬಿಡುತ್ತಾರೆ.

ಮೂರನೆಯದು: ‘ಹ್ಹಹ್ಹಾ, ನಿಮ್ಮ ಛತ್ರಿಗಳೆಲ್ಲ ಇಲ್ಲಿ ಬಂದು ಬಿದ್ದಿವೆ ನೋಡಿ.’ ತಮಾಷೆಯೇನೋ ಸರಿ. ಆದರೆ ಪಕ್ಕದ ಮೇಜಿನ ಗುಮಾಸ್ತರೂ ಇದನ್ನೇ ಬರೆದಾರು. ‘ನಾನು ನೆನೆದೆ’ ಎಂಬುದು ಇದರಲ್ಲಿ ಇಲ್ಲವೇ ಇಲ್ಲ.

ಕೊನೆಗೆ ಹೋದದ್ದು ಇದು: ‘ಛತ್ರಿ ಕಂಡಿತು, ನೀವು ನೆನಪಾದ್ರಿ. ತಪ್ಪು ಛತ್ರಿಯದು.’

ಆರು ಪದ. ಇದು ಯಾಕೆ ಕೂತಿತು ಎಂದರೆ, ಮೊದಲ ಸಾಲಿನಲ್ಲಿ ನಿಜ ಹೇಳಿಯಾಯಿತು, ಎರಡನೆಯ ಸಾಲಿನಲ್ಲಿ ಅದನ್ನು ಛತ್ರಿಯ ತಲೆಗೆ ಕಟ್ಟಿಯಾಯಿತು. ಆತನಿಗೆ ಇಷ್ಟವಿದ್ದರೆ ಮೊದಲ ಸಾಲು ಹಿಡಿದುಕೊಳ್ಳಬಹುದು. ಇಲ್ಲದಿದ್ದರೆ ಛತ್ರಿಯನ್ನು ಹಿಡಿದು ನಕ್ಕು ಮುಂದೆ ಹೋಗಬಹುದು. ಮರುದಿನ ಟೀ ಮೇಜಿನಲ್ಲಿ ಇಬ್ಬರ ಮುಖವೂ ಉಳಿಯುತ್ತದೆ. ಸರಸದ ಗುಟ್ಟೇ ಇದಲ್ಲವೇ? ಹೇಳಿಯೂ ಹೇಳದಂತೆ ಇರುವುದು. ಕೊನೆಯಲ್ಲಿ ಕೆಂಪು ಹೃದಯ ಹಾಕಲೇ ಎಂದು ಕೇಳಿದ್ದಳು. ಬೇಡ ಎಂದೆ. ಹೃದಯ ಹಾಕಿದೊಡನೆ ಛತ್ರಿಯ ನೆಪ ಉಳಿಯುವುದಿಲ್ಲ, ಅವರು ನಗುತ್ತಾ ಜಾರಿಕೊಳ್ಳುವ ಬಾಗಿಲು ಮುಚ್ಚಿಹೋಗುತ್ತದೆ.

ನಮ್ಮ ಕಾಲದಲ್ಲಿ ಕಾದಂಬರಿ ಎರವಲು ಕೊಡುವಾಗ ಒಂದು ಪುಟದಲ್ಲಿ ಬಸ್ ಟಿಕೇಟು ಇಟ್ಟು ಕೊಡುತ್ತಿದ್ದೆವು. ಕೇಳಿದರೆ ‘ಅಯ್ಯೋ, ಗುರುತಿಗೆ ಇಟ್ಟಿದ್ದು ಮರೆತೆ’. ಆ ಟಿಕೇಟೇ ಈಗ ಛತ್ರಿಯಾಗಿದೆ.

ಆದರೆ ಟಿಕೇಟಿಗಿಲ್ಲದ ತೊಂದರೆಗಳು ಫೋನಿಗಿವೆ. ಫೋಟೋದ ಕೆಳಗೆ ಬರೆದ ಸಾಲು, ಅವರ ಫೋನಿನ ಬೀಗ ತೆಗೆಯುವ ಮುಂಚೆಯೇ, ಪರದೆಯ ಮೇಲೆ ನಿಮ್ಮ ಹೆಸರಿನೊಡನೆ ಮೂಡಬಹುದು. ಫೋನ್ ಊಟದ ಮೇಜಿನ ಮೇಲಿದ್ದರೆ ಅವರ ತಾಯಿ ಓದುತ್ತಾರೆ, ಕಚೇರಿಯಲ್ಲಿದ್ದರೆ ಪಕ್ಕದವರು ಓದುತ್ತಾರೆ. ಆದ್ದರಿಂದ ಕಳಿಸುವ ಮುಂಚೆ ಆ ಸಾಲನ್ನು ಅವರ ತಾಯಿಯ ಕಣ್ಣಿನಿಂದ ಒಂದು ಸಲ ಓದಿ ನೋಡಿ. ಛತ್ರಿಯ ಸಾಲು ಪಾಸಾಗುತ್ತದೆ. ‘ತುಂಬಾ ನೆನಪಾಗ್ತಿದ್ದೀರಿ’ ಪಾಸಾಗುವುದಿಲ್ಲ.

ಫೋಟೋ ಕಳಿಸುವಾಗ ಬರೆಯುವ ಜಾಗದ ಹತ್ತಿರ ಒಂದು ಎಂಬ ಅಂಕಿಯಿರುವ ಪುಟ್ಟ ವೃತ್ತ ಕಾಣುತ್ತದೆ. ಅದನ್ನು ಒತ್ತಿದರೆ ಫೋಟೋವನ್ನು ಅವರು ಒಂದೇ ಸಲ ತೆರೆದು ನೋಡಬಹುದು, ಆಮೇಲೆ ಮಾಯ. ಮರ್ಯಾದೆ ಉಳಿಯಲಿ ಎಂದು ಈ ಹುಡುಗಿ ಅದನ್ನೇ ಒತ್ತುವವಳಿದ್ದಳು. ಬೇಡಮ್ಮಾ! ಹರಿದ ಛತ್ರಿಯನ್ನು ಸೆರಗಿನಡಿ ಮುಚ್ಚಿಟ್ಟು ತೋರಿಸಿದರೆ ನೋಡುವವರಿಗೆ ಇಲ್ಲದ ಅನುಮಾನ ಹುಟ್ಟುತ್ತದೆ. ಮೇಲಾಗಿ ಅವರಿಗೆ ಅದನ್ನು ಇಟ್ಟುಕೊಳ್ಳುವ ಆಸೆಯಿದ್ದರೆ? ಮತ್ತೆ ತೆರೆದು ನೋಡಿ ನಗುವ ಆಸೆಯಿದ್ದರೆ? ಅದೂ ಹೋಯಿತು.

ಕಳಿಸಿದ ಮೇಲೆ ಹೆದರಿ ಅಳಿಸುವವರೂ ಇದ್ದಾರೆ. ಸುಮಾರು ಎರಡು ದಿನದವರೆಗೆ ಇಬ್ಬರ ಫೋನಿನಿಂದಲೂ ಅಳಿಸಬಹುದು ನಿಜ. ಆದರೆ ಅಳಿಸಿದ ಜಾಗದಲ್ಲಿ ‘ಈ ಸಂದೇಶ ಅಳಿಸಲಾಗಿದೆ’ ಎಂಬ ಸಾಲು ಉಳಿಯುತ್ತದೆ. ಏನಿತ್ತೋ ಎಂದು ಆತ ಊಹಿಸಿಕೊಳ್ಳುವುದು ನೀವು ಬರೆದದ್ದಕ್ಕಿಂತ ಹತ್ತು ಪಾಲು ಹೆಚ್ಚೇ ಇರುತ್ತದೆ. ಅಳಿಸುವುದು ಒಂದೇ ಸಂದರ್ಭಕ್ಕೆ, ತಪ್ಪಿ ಮನೆಯವರ ಗುಂಪಿಗೆ ಹೋಗಿಬಿಟ್ಟಾಗ. ಹಾಗಾಗದಿರಲು ಮೊದಲು ಅವರ ಹೆಸರು ತೆರೆದು, ಅಲ್ಲಿಂದಲೇ ಫೋಟೋ ಆರಿಸಿ. ಫೋಟೋ ಆರಿಸಿ ಆಮೇಲೆ ಹೆಸರು ಹುಡುಕಲು ಹೋದರೆ ಬೆರಳು ಒಂದು ಸಾಲು ಕೆಳಗೆ ಜಾರಿ ಚಿಕ್ಕಪ್ಪನಿಗೆ ‘ನೀವು ನೆನಪಾದ್ರಿ’ ಹೋದೀತು.

ಇನ್ನು ಹೊತ್ತು. ಇದೇ ಫೋಟೋ, ಇದೇ ಸಾಲು, ರಾತ್ರಿ ಹನ್ನೊಂದೂವರೆಗೆ ಹೋದರೆ ಅರ್ಥವೇ ಬೇರೆ. ಅಡಿಬರಹ ಬರೆದು ಅಳಿಸಿ ಬರೆದು ಅಳಿಸಿ ಈಕೆಗೂ ರಾತ್ರಿ ಹತ್ತಾಗಿತ್ತು. ಆಗ ಕಳಿಸದೆ ತಡೆದುಕೊಂಡಳು, ಜಾಣೆ. ಮರುದಿನ ಭಾನುವಾರ ಸಂಜೆ ಐದಕ್ಕೆ, ಹೊರಗೆ ಮಳೆ ಹನಿಯುವಾಗ ಕಳಿಸಿದಳು.

ಕಳಿಸಿದ ಮೇಲೆ ಏನು ಮಾಡಬೇಕು? ಏನೂ ಮಾಡಬಾರದು. ‘ನೋಡಿದ್ರಾ?’ ಎಂದು ಕೇಳಬಾರದು. ‘ಸುಮ್ನೆ ತಮಾಷೆಗೆ’ ಎಂದು ಬಾಲ ಅಂಟಿಸಬಾರದು. ಎರಡು ನೀಲಿ ಗೆರೆ ಮೂಡಿದರೆ ಅವರು ತೆರೆದರು ಎಂದಷ್ಟೇ ಅರ್ಥ. ಆಗ ಅವರು ಅಡುಗೆ ಮಾಡುತ್ತಿರಬಹುದು, ತಂದೆಗೆ ಮಾತ್ರೆ ಕೊಡುತ್ತಿರಬಹುದು. ಕೆಲವರು ಆ ಗೆರೆ ನೀಲಿಯಾಗದಂತೆಯೇ ಮಾಡಿಟ್ಟಿರುತ್ತಾರೆ, ಅದನ್ನು ನೋಡುತ್ತಾ ಕೂತರೆ ಪ್ರಯೋಜನವಿಲ್ಲ.

ಬರುವ ಉತ್ತರದಲ್ಲಿ ನಾನು ನೋಡುವುದು ಒಂದನ್ನೇ. ಚೆಂಡು ಮರಳಿ ಬಂತೇ? ಹೆಬ್ಬೆರಳಿನ ಚಿತ್ರ, ನಗುವ ಮುಖ, ‘ಸೂಪರ್’, ಇವೆಲ್ಲ ಮರ್ಯಾದೆಯ ಉತ್ತರಗಳು. ಚೆಂಡು ಅಲ್ಲೇ ಉಳಿಯಿತು. ಪ್ರಶ್ನೆ ಬಂದರೆ, ನೀವು ಹೇಳಿದ್ದರ ಮೇಲೆ ಇನ್ನೊಂದು ಮಾತು ಬೆಳೆದರೆ, ಆ ಕಡೆಯಿಂದ ಬೇರೊಂದು ಫೋಟೋ ಬಂದರೆ ಚೆಂಡು ಮರಳಿತು. ಮರಳದಿದ್ದರೆ ಕೆಲವು ದಿನ ಬಿಟ್ಟು, ನಿಜವಾಗಿಯೂ ಏನಾದರೂ ಕಂಡರೆ, ಇನ್ನೊಮ್ಮೆ ಕಳಿಸಬಹುದು. ಎರಡನೆಯದಕ್ಕೂ ಹೆಬ್ಬೆರಳೇ ಬಂದರೆ ಅದೇ ಉತ್ತರ. ಮೂರನೆಯದು ಬೇಡ. ನೋವಾಗುತ್ತದೆ, ಆದರೆ ಈ ಹುಡುಗಿ ಕೇಳಿದ್ದೂ ಅದನ್ನೇ ತಾನೇ, ಇದೆಯೋ ಇಲ್ಲವೋ ಎಂದು? ನಿಮ್ಮ ಕೈಕೆಳಗೆ ಕೆಲಸ ಮಾಡುವವರಿಗಂತೂ ಮೊದಲನೆಯದನ್ನೂ ಕಳಿಸಬೇಡಿ. ಅವರ ನಗು ನಿಜವೋ ಭಯವೋ ನಿಮಗೆ ಎಂದೂ ತಿಳಿಯುವುದಿಲ್ಲ. ನಿಶ್ಚಿತಾರ್ಥವಾದವರಿಗೂ ಬೇಡ, ಕಾರಣ ಬರೆಯಬೇಕಾಗಿಲ್ಲ.

ನಮ್ಮ ಹುಡುಗಿಗೆ ನಲವತ್ತು ನಿಮಿಷಕ್ಕೆ ಉತ್ತರ ಬಂತು: ‘ನಾಲ್ಕನೆಯದು ಕೊಳ್ಳೋಣ ಅಂತಿದ್ದೆ. ಎಷ್ಟಕ್ಕೆ ಕೊಡ್ತಾರಂತೆ?’

ಪ್ರಶ್ನೆ! ನಾನಾಗಿದ್ದರೆ ಗಾಬರಿಯಲ್ಲಿ ‘ನೂರೈವತ್ತು’ ಎಂದು ಬರೆದು ಮಾತು ಮುಗಿಸಿಬಿಡುತ್ತಿದ್ದೆ. ಈಕೆ ನನ್ನನ್ನು ಕೇಳದೆಯೇ ಬರೆದಳು: ‘ಒಬ್ಬರಿಗೇ ಕೊಡಲ್ವಂತೆ. ಕಳ್ಕೊಳ್ಳೋರು ಕಾಯೋರನ್ನೂ ಜೊತೆಗೆ ಕರ್ಕೊಂಡು ಬರಬೇಕಂತೆ.’

ಇದನ್ನು ನಾನು ಕಲಿಸಿಲ್ಲ ಸೋದರಿಯರೇ, ದೇವರಾಣೆ.

ಆಮೇಲೆ ರಾತ್ರಿಯಿಡೀ ಆ ಕಡೆ ಸದ್ದಿಲ್ಲ. ಈಕೆ ಎದ್ದು ಎದ್ದು ಫೋನ್ ನೋಡಿ, ಬೆಳಗಿನ ಜಾವ ಅದನ್ನು ಅಕ್ಕಿ ಡಬ್ಬದ ಮೇಲಿಟ್ಟು ಮಲಗಿದಳಂತೆ. ಏಳು ಗಂಟೆಗೆ ಒಂದು ಫೋಟೋ ಬಂದಿತ್ತು. ಬಾಗಿಲ ಪಕ್ಕದ ಗೋಡೆ, ಅದರಲ್ಲೊಂದು ಬರಿಯ ಮೊಳೆ. ಕೆಳಗೆ ಎರಡು ಮಾತು: ‘ಜಾಗ ಖಾಲಿ ಇದೆ. ಶನಿವಾರ ಹೋಗೋಣ್ವಾ?’

ಈ ಅಂಕಣ ಅಚ್ಚಿಗೆ ಹೋಗುವ ಹೊತ್ತಿಗೆ ಶನಿವಾರ ಇನ್ನೂ ಬಂದಿಲ್ಲ. ಆದರೆ ಹುಡುಗಿ ದಾವಣಗೆರೆಗೆ ಫೋನ್ ಮಾಡಿ, ಗಂಡಿನ ಕಡೆಯವರನ್ನು ಈ ತಿಂಗಳು ಕರೆಸಬೇಡಿ ಎಂದಿದ್ದಾಳೆ. ಯಾಕೆ ಎಂದು ಅಮ್ಮ ಕೇಳಿದ್ದಕ್ಕೆ, ಮಳೆ ಜಾಸ್ತಿ ಎಂದಳಂತೆ.